ನಾಲ್ಕನೆಯ ತಿಂಗಳಿಗೆ ಕೂಸಿನ ನಿದ್ದೆ ಏಕೆ ಒಡೆಯುತ್ತದೆ?

(ಸಂಘದ ಬೆಳ್ಳಿ ಹಬ್ಬದ ನಿಮಿತ್ತ ತೆಲಸಂಗದಲ್ಲಿ ಜರುಗಿದ ತಾಯಂದಿರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ಬೆಳ್ಳಿ ಹಬ್ಬದಲ್ಲಿ ಪ್ರತಿಯೊಬ್ಬ ನಿರ್ದೇಶಕರೂ ಒಂದೊಂದು ವಿಷಯ ಮಾತನಾಡಬೇಕೆಂದು ಠರಾವು ಆಯಿತು. ಒಬ್ಬರು ದ್ರಾಕ್ಷಿ ಚಾಟಣಿ ಎಂದರು, ಒಬ್ಬರು ಬೆಳೆಸಾಲ ಎಂದರು. ನಾನು "ಕೂಸಿನ ನಿದ್ದೆ" ಎಂದಾಗ ಎಲ್ಲರೂ ನಕ್ಕರು. "ಎಸ್ಸೆಸ್ಸೆಲ್ಸಿ ಕಲಿತ ಒಕ್ಕಲಿಗ ನೀನು, ಕೂಸಿನ ನಿದ್ದಿ ಬಗ್ಗೆ ನಿನಗೇನು ಗೊತ್ತೈತಿ?" ಎಂದು ಕೇಳಿದರು. ಗೊತ್ತಿರಲಿಲ್ಲ, ನಿಜ. ಗೊತ್ತಿಲ್ಲದ್ದರಿಂದ ನಮ್ಮ ಮನೆಯಲ್ಲಿ ಒಂದು ತಪ್ಪು ಆಯಿತು. ಅದನ್ನು ತಿದ್ದಿಕೊಳ್ಳಲು ಹೋಗಿ ಒಂದಿಷ್ಟು ತಿಳಿದುಕೊಂಡೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ನಮ್ಮ ಮಗಳನ್ನು ರಾಯಬಾಗ ಕಡೆಗೆ ಕೊಟ್ಟಿದ್ದೇವೆ. ಚೊಚ್ಚಲ ಬಾಣಂತನ ನಮ್ಮಲ್ಲೇ ಆಯಿತು. ಹೆಣ್ಣು ಕೂಸು, ಹುಟ್ಟಿದಾಗ 2 ಕಿಲೊ 800 ಗ್ರಾಂ. ಮೊದಲ ಎರಡು ತಿಂಗಳು ಎಲ್ಲ ಕೂಸುಗಳ ಹಾಗೆ ಹಗಲು ರಾತ್ರಿ ಎನ್ನದೆ ಏಳುವುದು, ಮಲಗುವುದು. ಮೂರನೆಯ ತಿಂಗಳಿಗೆ ರೂಢಿಗೆ ಬಂತು. ರಾತ್ರಿ 8ಕ್ಕೆ ಮಲಗಿದರೆ 1 ಗಂಟೆಗೆ ಒಮ್ಮೆ, 4.30ಕ್ಕೆ ಒಮ್ಮೆ ಹಾಲಿಗೆ ಏಳುತ್ತಿತ್ತು, ಅಷ್ಟೆ. "ನಮ್ಮ ಕೂಸು ಭಾಳ ಶ್ಯಾಣ್ಯಾ" ಎಂದು ನಮ್ಮ ಮನೆಯವರು ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. 14 ವಾರಕ್ಕೆ ಹಾಕಿಸುವ ಲಸಿಕೆಯೂ ಆಯಿತು.

17ನೆಯ ವಾರಕ್ಕೆ ಒಮ್ಮೆಲೇ ಬದಲಾಯಿತು. ರಾತ್ರಿ ಐದು ಸಲ, ಆರು ಸಲ ಏಳತೊಡಗಿತು. ಜ್ವರ ಇಲ್ಲ, ಭೇದಿ ಇಲ್ಲ, ಹಗಲು ನೋಡಿದರೆ ಕೈಕಾಲು ಆಡಿಸಿಕೊಂಡು ನಗುತ್ತದೆ. ರಾತ್ರಿ ಮಾತ್ರ ತಾಸಿಗೊಮ್ಮೆ ಅಳು. ಐದನೆಯ ತಿಂಗಳಿಗೆ ಕೂಸನ್ನು ಗಂಡನ ಮನೆಗೆ ಕಳಿಸುವ ಮಾತುಕತೆ ನಡೆದಿತ್ತು. ಅದೇ ವೇಳೆಗೆ ದಿನ ಗೊತ್ತು ಮಾಡಲು ಬಂದ ನಮ್ಮ ಬೀಗತಿಯವರು ಒಂದು ರಾತ್ರಿ ಉಳಿದರು. ಬೆಳಿಗ್ಗೆ ಎದ್ದವರೇ, "ಬೀಗರ, ಕೂಸಿಗೆ ತಾಯಿ ಹಾಲು ಸಾಲವಲ್ದು. ಹೊಟ್ಟಿ ತುಂಬಿದ್ರ ಕೂಸು ಯಾಕ ಇಷ್ಟ ಸಲ ಎಚ್ಚರಾಗತೈತಿ?" ಎಂದರು.

ಮಾತು ಸಣ್ಣದು. ಆದರೆ ಬಾಣಂತಿಯ ಮನಸ್ಸಿಗೆ ಅದು ಎಷ್ಟು ನಾಟುತ್ತದೆಂದು ಇಲ್ಲಿ ಕುಳಿತ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಮಗಳು ಒಳಗೆ ಹೋಗಿ ಅತ್ತಳು. ಓಣಿಯವರು ಒಬ್ಬೊಬ್ಬರು ಒಂದೊಂದು ಹೇಳಿದರು. ನೆದರಾಗಿದೆ, ಹಲ್ಲು ಬರುತ್ತಿವೆ, ಹೊಟ್ಟೆ ನೋವು, ಗುಟ್ಟಿ ಕುಡಿಸಿರಿ. ನಾನೇ ಗಂಡಸುತನ ಮಾಡಿ ಅಂಗಡಿಗೆ ಹೋಗಿ ಡಬ್ಬಿ ಹಾಲಿನ ಪುಡಿ ಮತ್ತು ಬಾಟಲಿ ತಂದೆ. ಐದು ದಿನ ರಾತ್ರಿ ಅದನ್ನು ಕುಡಿಸಿದೆವು. ಕೂಸು ಏಳುವುದು ಕಡಿಮೆ ಆಗಲಿಲ್ಲ. ಆರನೆಯ ದಿನ ಭೇದಿ ಹತ್ತಿತು. ಇದೇ ನಾನು ಹೇಳಿದ ತಪ್ಪು.

ಅಥಣಿಯ ಮಕ್ಕಳ ಡಾಕ್ಟರರ ಹತ್ತಿರ ಹೋದೆವು. ಅವರು ಭೇದಿಗೆ ಉಪಚಾರ ಹೇಳಿ, ಬಾಟಲಿ ಬಿಡಿಸಿ, ಬಳಿಕ ಒಂದು ಪ್ರಶ್ನೆ ಕೇಳಿದರು. "ಕೂಸು ಎಷ್ಟೆಷ್ಟಕ್ಕೆ ಮಲಗತೈತಿ, ಎಷ್ಟೆಷ್ಟಕ್ಕೆ ಏಳತೈತಿ, ಬರದೀರೇನು?" ಬರೆದಿರಲಿಲ್ಲ. ಸಂಘದ ಕೀರ್ದಿಯಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ರಾತ್ರಿ ಎಲ್ಲ ಕುಳಿತು ಹುಡುಕುವ ನಾನು, ಮನೆಯ ಕೂಸಿನ ಲೆಕ್ಕ ಬರೆದಿರಲಿಲ್ಲ. ಅಂದು ರಾತ್ರಿಯೇ ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು ಬರೆಯಲಿಕ್ಕೆ ಕುಳಿತೆ. ಮೊದಲನೆಯ ರಾತ್ರಿಯ ನೋಂದಣಿ ಹೀಗಿದೆ:

ಮಲಗಿದ್ದು 8.15, ಎದ್ದದ್ದು 10.50.
ಮಲಗಿದ್ದು 11.05, ಎದ್ದದ್ದು 11.55.
ಮಲಗಿದ್ದು 12.10, ಎದ್ದದ್ದು 1.50.
ಮಲಗಿದ್ದು 2.05, ಎದ್ದದ್ದು 3.00.
ಮಲಗಿದ್ದು 3.10, ಎದ್ದದ್ದು 3.55.
ಮಲಗಿದ್ದು 4.15, ಎದ್ದದ್ದು 5.10.

ಒಟ್ಟು ಆರು ಸಲ. ಈಗ ನಡುವಿನ ವೇಳೆ ಲೆಕ್ಕ ಹಾಕಿ ನೋಡಿರಿ. ಮೊದಲನೆಯ ನಿದ್ದೆ ಎರಡೂವರೆ ತಾಸಿನ ಮೇಲೆ. ಆಮೇಲಿನವು 50 ನಿಮಿಷ, 100 ನಿಮಿಷ, 55, 45, 55. ಹಸಿವೆಯಿಂದ ಏಳುವ ಕೂಸಾದರೆ ಹೊಟ್ಟೆ ತುಂಬ ಕುಡಿದಾಗ ತಡವಾಗಿ, ಕಡಿಮೆ ಕುಡಿದಾಗ ಬೇಗ ಏಳಬೇಕು. ಇಲ್ಲಿ ಹಾಗಿಲ್ಲ. ಕುಡಿದು ಮಲಗಿದರೂ 50 ನಿಮಿಷಕ್ಕೆ ಏಳುತ್ತದೆ, ಬರೀ ತೂಗಿ ಮಲಗಿಸಿದರೂ 50 ನಿಮಿಷಕ್ಕೆ ಏಳುತ್ತದೆ. 100 ಎಂದರೆ ಎರಡು 50. ಮೊದಲಿನ ಎರಡೂವರೆ ತಾಸು ಎಂದರೆ ಮೂರು 50. ಇದು ಹೊಟ್ಟೆಯ ಲೆಕ್ಕ ಅಲ್ಲ, ಪಾಳಿಯ ಲೆಕ್ಕ. ಬೋರಿನ ನೀರು ಹೇಗೆ ಪಾಳಿಯಂತೆ ಬರುತ್ತದೆಯೋ, ಕೂಸಿನ ನಿದ್ದೆಯೂ ಪಾಳಿಯಂತೆ ನಡೆದಿತ್ತು.

ಆ ನೋಟ್‌ಬುಕ್ ತೋರಿಸಿದಾಗ ಡಾಕ್ಟರರು ನಕ್ಕು, ಕೂಡಿಸಿಕೊಂಡು ತಿಳಿಸಿ ಹೇಳಿದರು. ಆಮೇಲೆ ನಾನೂ ಒಂದಿಷ್ಟು ಓದಿದೆ. ಅದರ ಸಾರ ಹೀಗಿದೆ.

ನಿದ್ದೆ ಎಂದರೆ ದೀಪ ಆರಿಸಿದ ಹಾಗೆ ಒಂದೇ ಸಮನೆ ಇರುವುದಿಲ್ಲ. ಅದು ಇಳಿಯುತ್ತದೆ, ಏರುತ್ತದೆ, ಮತ್ತೆ ಇಳಿಯುತ್ತದೆ. ಹೀಗೆ ಒಮ್ಮೆ ಇಳಿದು ಏರುವುದಕ್ಕೆ ಒಂದು ಪಾಳಿ ಎನ್ನೋಣ. ದೊಡ್ಡವರಿಗೆ ಒಂದು ಪಾಳಿ ಸುಮಾರು 90 ನಿಮಿಷ, ಎಳೆ ಕೂಸಿಗೆ 50 ರಿಂದ 60 ನಿಮಿಷ. ಇದನ್ನು ಮೊದಲು ಸರಿಯಾಗಿ ಕಂಡುಹಿಡಿದವರು ಅಮೇರಿಕಾದ ಶಿಕಾಗೊ ವಿಶ್ವವಿದ್ಯಾಲಯದ ನಥಾನಿಯಲ್ ಕ್ಲೈಟ್‌ಮನ್ ಮತ್ತು ಅವರ ಶಿಷ್ಯ ಯೂಜೀನ್ ಅಸೆರಿನ್‌ಸ್ಕಿ. ಆ ಶಿಷ್ಯನ ಕೆಲಸ ಶುರುವಾದದ್ದೇ ಮಲಗಿದ ಕೂಸುಗಳ ಕಣ್ಣರೆಪ್ಪೆ ನೋಡುತ್ತ ಕೂಡುವುದರಿಂದ. ಸ್ವಲ್ಪ ಹೊತ್ತು ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಓಡಾಡುತ್ತವೆ, ಸ್ವಲ್ಪ ಹೊತ್ತು ಪೂರ್ತಿ ಸ್ತಬ್ಧವಾಗುತ್ತವೆ, ಮತ್ತೆ ಓಡಾಡುತ್ತವೆ. 1953ರಲ್ಲಿ ಅವರು ದೊಡ್ಡವರಲ್ಲಿಯೂ ಕಣ್ಣುಗುಡ್ಡೆ ಓಡಾಡುವ ಈ ನಿದ್ದೆ ಇದೆ ಎಂದು ಪ್ರಕಟಿಸಿದರು. ನಿದ್ದೆಯ ವಿಜ್ಞಾನ ಅಲ್ಲಿಂದ ಬೆಳೆಯಿತು. ನೋಡ್ರಿ, ಅಷ್ಟು ದೊಡ್ಡ ಶೋಧ ತೊಟ್ಟಿಲ ಪಕ್ಕದಲ್ಲಿ ಕುಳಿತು ಮಾಡಿದ್ದು.

ಹುಟ್ಟಿದ ಕೂಸಿಗೆ ಎರಡೇ ತರದ ನಿದ್ದೆ. ಒಂದು ಚುರುಕು ನಿದ್ದೆ. ಅದರಲ್ಲಿ ಕಣ್ಣುಗುಡ್ಡೆ ಓಡುತ್ತವೆ, ತುಟಿ ಚೀಪುತ್ತದೆ, ನಗುತ್ತದೆ, ಮುಲುಗುತ್ತದೆ, ಕೈ ಸೆಟೆಯುತ್ತದೆ. ನಮ್ಮ ಮುದುಕಿಯರು "ಶೆಟಿವಿ ನಗಸಾಕತ್ಯಾಳ" ಎಂದು ಹೇಳುವುದು ಈ ನಿದ್ದೆಯನ್ನೇ ನೋಡಿ. ಇನ್ನೊಂದು ಶಾಂತ ನಿದ್ದೆ. ಇದರಲ್ಲಿ ಕೂಸು ಕಲ್ಲಿನಂತೆ ಮಲಗುತ್ತದೆ, ಉಸಿರು ಸಮನಾಗಿ ಬರುತ್ತದೆ. ಎರಡೂ ಅರ್ಧರ್ಧ. ಎಳೆ ಕೂಸು ಕಣ್ಣು ಮುಚ್ಚಿದ ಕೂಡಲೇ ಚುರುಕು ನಿದ್ದೆಗೆ ಹೋಗಿ, ಆಮೇಲೆ ಶಾಂತ ನಿದ್ದೆಗೆ ಇಳಿಯುತ್ತದೆ.

ಮೂರನೆಯ, ನಾಲ್ಕನೆಯ ತಿಂಗಳ ಹೊತ್ತಿಗೆ ಮೆದುಳು ಬೆಳೆದು ಈ ವ್ಯವಸ್ಥೆ ಬದಲಾಗುತ್ತದೆ. ಒಂದೇ ಇದ್ದ ಶಾಂತ ನಿದ್ದೆ ಮೂರು ಮೆಟ್ಟಿಲಾಗಿ ಒಡೆಯುತ್ತದೆ: ಮಂಪರು, ಹಗುರ ನಿದ್ದೆ, ಗಾಢ ನಿದ್ದೆ. ಕೂಸು ಈಗ ದೊಡ್ಡವರಂತೆ ಮಂಪರಿನಿಂದ ಶುರುಮಾಡಿ ಮೆಟ್ಟಿಲಿಳಿದು ಗಾಢ ನಿದ್ದೆಗೆ ಹೋಗುತ್ತದೆ. ಆಮೇಲೆ ಮೇಲೇರಿ ಕಣ್ಣುಗುಡ್ಡೆ ಓಡುವ ನಿದ್ದೆಗೆ ಬರುತ್ತದೆ. ಅಲ್ಲಿಗೆ ಒಂದು ಪಾಳಿ ಮುಗಿಯಿತು. ಗಾಢ ನಿದ್ದೆ ಹೆಚ್ಚಾಗಿ ರಾತ್ರಿಯ ಮೊದಲ ಭಾಗದಲ್ಲಿ ಕೂಡಿಕೊಳ್ಳುತ್ತದೆ. ನಡುರಾತ್ರಿಯ ಮೇಲೆ ಹಗುರ ನಿದ್ದೆಯೇ ಹೆಚ್ಚು. ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ನಿದ್ದೆ ಉದ್ದ, ಆಮೇಲಿನವು ತುಂಡು ಯಾಕೆ ಎಂಬುದಕ್ಕೆ ಉತ್ತರ ಇಲ್ಲಿ ಸಿಕ್ಕಿತು.

ಇನ್ನು ಮುಖ್ಯವಾದ ಮಾತು. ಒಂದು ಪಾಳಿ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ನಿದ್ದೆ ಬಹಳ ತೆಳ್ಳಗಿರುತ್ತದೆ. ಆ ಸಂದಿಯಲ್ಲಿ ದೊಡ್ಡವರಾದ ನಾವೂ ಏಳುತ್ತೇವೆ. ಮಗ್ಗಲು ಬದಲಿಸುತ್ತೇವೆ, ಕೌದಿ ಎಳೆದುಕೊಳ್ಳುತ್ತೇವೆ, ಮತ್ತೆ ಮಲಗುತ್ತೇವೆ. ಬೆಳಿಗ್ಗೆ ನೆನಪಿರುವುದಿಲ್ಲ. ಕೂಸು ಕೂಡ ಹಾಗೇ ಮಲಗಬಹುದಲ್ಲ, ಅಳುವುದೇಕೆ?

ಇದಕ್ಕೆ ನನ್ನದೇ ಒಂದು ಅನುಭವ ಹೇಳುತ್ತೇನೆ. ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದಾಗ ನಾನು ತೋಟದ ಶೆಡ್ಡಿನಲ್ಲಿ ಮಲಗುತ್ತೇನೆ. ಮೋಟರು ಗುಂಯ್ ಎನ್ನುತ್ತಿರುತ್ತದೆ. ಆ ಸಪ್ಪಳದಲ್ಲಿ ನನಗೆ ಸುಖ ನಿದ್ದೆ ಬರುತ್ತದೆ. ನಡುವೆ ಕರೆಂಟ್ ಹೋಗಿ ಮೋಟರು ನಿಂತಿತೆಂದರೆ ತಟ್ಟನೆ ಎದ್ದು ಕೂಡುತ್ತೇನೆ. ಸಪ್ಪಳ ಆದದ್ದಕ್ಕೆ ಎದ್ದದ್ದಲ್ಲ, ಸಪ್ಪಳ ನಿಂತದ್ದಕ್ಕೆ ಎದ್ದದ್ದು. ಮಲಗುವಾಗ ಇದ್ದದ್ದು ಈಗ ಇಲ್ಲ, ಅದಕ್ಕೆ ಎಚ್ಚರ.

ಕೂಸಿನದೂ ಇದೇ. ಅದು ಕಣ್ಣು ಮುಚ್ಚುವಾಗ ತಾಯಿಯ ಮಡಿಲಿತ್ತು, ಬಾಯಲ್ಲಿ ಎದೆ ಇತ್ತು, ಇಲ್ಲವೆ ತೊಟ್ಟಿಲು ತೂಗುತ್ತಿತ್ತು, ಅಜ್ಜಿಯ ಜೋಗುಳ ಇತ್ತು. ಪಾಳಿ ಮುಗಿದು ಸಂದಿಗೆ ಬಂದಾಗ ತೊಟ್ಟಿಲು ನಿಂತಿದೆ, ಮಡಿಲು ಇಲ್ಲ, ಹಾಡು ಇಲ್ಲ. ಎಳೆಯದಿದ್ದಾಗ ಇದನ್ನು ಗಮನಿಸುವಷ್ಟು ತಿಳಿವಳಿಕೆ ಇರಲಿಲ್ಲ. ನಾಲ್ಕು ತಿಂಗಳಿಗೆ ಸುತ್ತಲಿನದನ್ನು ಗುರುತಿಸುತ್ತದೆ. "ನಾನು ಮಲಗಿದ್ದು ಇಲ್ಲಲ್ಲ" ಎಂದು ಅದಕ್ಕೆ ತಿಳಿಯುತ್ತದೆ. ಮತ್ತೆ ಮಲಗುವುದಕ್ಕೆ ಅದೇ ತೂಗುವುದು, ಅದೇ ಮಡಿಲು ಬೇಕು. ಅಳುತ್ತದೆ. ನಾವು ಎತ್ತಿಕೊಳ್ಳುತ್ತೇವೆ, ಎದೆಗೆ ಹಾಕುತ್ತೇವೆ, ಎರಡು ಗುಟುಕು ಕುಡಿದು ಮಲಗುತ್ತದೆ. "ನೋಡಿದಿರಾ, ಹಸಿದಿತ್ತು" ಎನ್ನುತ್ತೇವೆ. ಎರಡು ಗುಟುಕಿಗೆ ಮಲಗುವ ಕೂಸು ಹಸಿದ ಕೂಸಲ್ಲ. ಹಸಿದದ್ದಾದರೆ ಗಟಗಟ ನುಂಗುವ ಸಪ್ಪಳ ಕೇಳಬೇಕು.

ಆದ್ದರಿಂದ ಕೂಸು ಹಿಂದಕ್ಕೆ ಹೋಗಿದೆ, ಕೆಟ್ಟಿದೆ ಎಂದು ತಿಳಿಯಬಾರದು. ಮೆದುಳು ಮುಂದಕ್ಕೆ ಹೋದದ್ದರಿಂದ ಹೀಗಾಗಿದೆ. ಎಲ್ಲ ಕೂಸುಗಳಿಗೂ ಇದೇ ವಾರಕ್ಕೆ ಹೀಗೇ ಆಗುತ್ತದೆಂದೂ ಅಲ್ಲ. ಕೆಲವಕ್ಕೆ ಮೂರೂವರೆ ತಿಂಗಳಿಗೆ, ಕೆಲವಕ್ಕೆ ಐದಕ್ಕೆ, ಕೆಲವಕ್ಕೆ ಗೊತ್ತೇ ಆಗದಂತೆ ದಾಟಿ ಹೋಗುತ್ತದೆ.

ಇದರ ಜೊತೆಗೆ ಇನ್ನೆರಡು ಸಂಗತಿ ಇದೇ ವಯಸ್ಸಿಗೆ ಕೂಡುತ್ತವೆ. ಒಂದು, ಕೂಸಿಗೆ ಈಗ ಜಗತ್ತು ಕಾಣತೊಡಗುತ್ತದೆ. ಹಗಲು ಎದೆಗೆ ಹಾಕಿದರೆ ಎಮ್ಮೆ ಕೂಗಿತು, ಟಿ.ವಿ. ಹಚ್ಚಿದರು ಎಂದು ಬಾಯಿ ಬಿಟ್ಟು ಅತ್ತ ತಿರುಗುತ್ತದೆ. ಹಗಲು ಅರೆಹೊಟ್ಟೆ ಕುಡಿದು, ಸುತ್ತಲೂ ಶಾಂತವಾದ ರಾತ್ರಿಯಲ್ಲಿ ಆ ಬಾಕಿ ವಸೂಲು ಮಾಡುತ್ತದೆ. ಆರು ಸಲ ಎದ್ದದ್ದರಲ್ಲಿ ಒಂದೆರಡು ನಿಜವಾದ ಹಸಿವೆ ಇರಬಹುದು. ಎರಡು, ಮಗ್ಗಲಾಗುವುದು, ಬೋರಲು ಬೀಳುವುದು ಕಲಿಯುತ್ತದೆ. ನಿದ್ದೆಗಣ್ಣಿನಲ್ಲಿ ಬೋರಲಾಗಿ ತಿರುಗಲಿಕ್ಕೆ ಬರದೆ ಅಳುತ್ತದೆ. ನಮ್ಮಲ್ಲಿ ಕೂಸನ್ನು ಅರಿವೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವ ರೂಢಿ ಇದೆ. ಕೂಸು ಮಗ್ಗಲಾಗಲು ಹವಣಿಸಿತೆಂದರೆ ಆ ಸುತ್ತು ಬಿಡಲೇಬೇಕು. ಕೈ ಕಟ್ಟಿದ ಕೂಸು ಬೋರಲಾದರೆ ಮುಖ ಎತ್ತಲಾರದು, ಉಸಿರಿಗೆ ಅಪಾಯ. ಯಾವಾಗಲೂ ಅಂಗಾತ ಮಲಗಿಸಬೇಕು. ತಲೆದಿಂಬು, ದಪ್ಪ ಕೌದಿ ಕೂಸಿನ ಮುಖದ ಹತ್ತಿರ ಇರಬಾರದು.

ಈಗ ಹಾಲಿನ ಪ್ರಶ್ನೆಗೆ ಬರುತ್ತೇನೆ. ಯಾಕೆಂದರೆ ನಮ್ಮೂರ ಮನೆಗಳಲ್ಲಿ ಜಗಳ ಹುಟ್ಟುವುದು ಇಲ್ಲೇ. ತಾಯಿಯ ಹಾಲು ಸಾಲುತ್ತದೋ ಇಲ್ಲವೋ ಎಂಬುದನ್ನು ರಾತ್ರಿಯ ಅಳುವಿನಿಂದ ಅಳೆಯಬಾರದು. ಅಳೆಯಲು ಎರಡು ಮಾಪುಗಳಿವೆ. ಒಂದು ಉಚ್ಚೆ. ಬರೀ ಎದೆಹಾಲು ಕುಡಿಯುವ ಕೂಸು 24 ತಾಸಿನಲ್ಲಿ ಆರು ಸಲವಾದರೂ ಚೆನ್ನಾಗಿ ಅರಿವೆ ತೋಯಿಸಿದರೆ ಹಾಲು ಒಳಗೆ ಹೋಗುತ್ತಿದೆ ಎಂದರ್ಥ. ಎರಡು ತೂಕ. ಈ ವಯಸ್ಸಿಗೆ ತಿಂಗಳಿಗೆ ಸುಮಾರು 400 ರಿಂದ 600 ಗ್ರಾಂ ಏರಬೇಕು. ಐದು ತಿಂಗಳ ಹೊತ್ತಿಗೆ ಹುಟ್ಟಿದ ತೂಕ ಎರಡು ಪಟ್ಟು ಆಗುತ್ತದೆ. ನಮ್ಮ ಮೊಮ್ಮಗಳ ತಾಯಿ ಕಾರ್ಡ್ ತೆಗೆದು ನೋಡಿದೆ. 14 ವಾರಕ್ಕೆ 5 ಕಿಲೊ 400 ಗ್ರಾಂ ಇತ್ತು. ಬಾಟಲಿ ತರುವ ಮೊದಲೇ, 18ನೆಯ ವಾರಕ್ಕೆ ಅಂಗನವಾಡಿಯಲ್ಲಿ ತೂಗಿದಾಗ 5 ಕಿಲೊ 900. ನಾಲ್ಕು ವಾರಕ್ಕೆ ಅರ್ಧ ಕಿಲೊ. ಹುಟ್ಟಿದ ತೂಕದ ಎರಡು ಪಟ್ಟು ಆಗಲೇ ದಾಟಿತ್ತು. ಎಂದರೆ ಲೆಕ್ಕ ನಮ್ಮ ಮನೆಯ ಮಾಡಿನಲ್ಲೇ ಇತ್ತು. ಅದನ್ನು ಓದದೆ ನಾನು ಬಾಟಲಿ ತಂದೆ.

ಬಾಟಲಿಯಿಂದ ಏನು ಕೆಡುತ್ತದೆ? ಡೇರಿಗೆ ಹಾಲು ಹಾಕುವವರಿಗೆ ಬೇಗ ತಿಳಿಯುತ್ತದೆ. ಎಮ್ಮೆಯನ್ನು ಒಂದು ಹೊತ್ತು ಹಿಂಡದೆ ಬಿಡುತ್ತ ಹೋದರೆ ಹಾಲು ಇಳಿಯುತ್ತದೆ. ತಾಯಿಯದೂ ಅದೇ ನಿಯಮ. ಕೂಸು ಚೀಪಿದಷ್ಟು ಹಾಲು ತಯಾರಾಗುತ್ತದೆ. ರಾತ್ರಿ ಬಾಟಲಿ ಕೊಟ್ಟರೆ ಅಷ್ಟು ಚೀಪುವುದು ತಪ್ಪಿತು, ಅಷ್ಟು ಹಾಲು ಇಳಿಯಿತು. ಆಮೇಲೆ "ಹಾಲು ಸಾಲುವುದಿಲ್ಲ" ಎಂಬ ಸುಳ್ಳು ಮಾತನ್ನು ನಾವೇ ನಿಜ ಮಾಡಿದಂತಾಯಿತು. ಬಾಟಲಿ, ರಬ್ಬರು ಸರಿಯಾಗಿ ಕುದಿಸದಿದ್ದರೆ ಭೇದಿ ಬೇರೆ. ಇಷ್ಟಾಗಿ ಏಳುವುದು ಕಡಿಮೆಯಾಗುತ್ತದೆಯೇ? ಇಂಗ್ಲೆಂಡಿನ ಪಕ್ಕದ ವೇಲ್ಸ್ ಪ್ರಾಂತದ ಸ್ವಾನ್ಸಿ ವಿಶ್ವವಿದ್ಯಾಲಯದವರು 2015ರಲ್ಲಿ 715 ತಾಯಂದಿರನ್ನು ಕೇಳಿ ಒಂದು ಅಭ್ಯಾಸ ಪ್ರಕಟಿಸಿದರು. ಅವರ ಕೂಸುಗಳು ಸ್ವಲ್ಪ ದೊಡ್ಡವು, 6 ರಿಂದ 12 ತಿಂಗಳಿನವು. ಎದೆಹಾಲಿನ ಕೂಸಿಗೂ ಡಬ್ಬಿ ಹಾಲಿನ ಕೂಸಿಗೂ ರಾತ್ರಿ ಏಳುವುದರಲ್ಲಿ ಫರಕು ಕಾಣಲಿಲ್ಲ. ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ನೀರು ಸಹ ಬೇಡ ಎಂಬುದು ಡಾಕ್ಟರರ ಖಚಿತ ಮಾತು. ಡಾಕ್ಟರರು ಬರೆದುಕೊಟ್ಟ ಔಷಧದ ಮಾತು ಬೇರೆ. ಗುಟ್ಟಿ ಬೇಡ, ನಿದ್ದೆ ಬರಲಿ ಎಂದು ಹಿಂದಿನವರು ಕೊಡುತ್ತಿದ್ದ ಅಫೀಮಂತೂ ಕೂಸಿನ ಉಸಿರನ್ನೇ ನಿಲ್ಲಿಸಬಲ್ಲದು.

ಹಾಗಾದರೆ ನಾವು ಏನು ಮಾಡಿದೆವು? ಹೇಳುತ್ತೇನೆ.

ಮೊದಲು, ಹಗಲನ್ನು ಹಗಲು ಮಾಡಿದೆವು, ರಾತ್ರಿಯನ್ನು ರಾತ್ರಿ ಮಾಡಿದೆವು. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಕತ್ತಲೆ ಮಾಡಿ ಇಡುವುದು ನಮ್ಮ ಪದ್ಧತಿ. ಕತ್ತಲಾದಾಗ ನಿದ್ದೆ ತರುವ ಮೆಲಟೋನಿನ್ ಎಂಬ ರಸ ಕೂಸಿನ ಮೆದುಳಿನಲ್ಲಿ ಪಾಳಿಯಂತೆ ಒಸರುವುದು ಸುಮಾರು ಮೂರನೆಯ ತಿಂಗಳ ಹೊತ್ತಿಗೆ. ಅದಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂದು ತಿಳಿಸುವುದು ಬೆಳಕು. ಇಂಗ್ಲೆಂಡಿನ ಯ್ವಾನ್ ಹ್ಯಾರಿಸನ್ ಎಂಬವರು 2004ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ರಾತ್ರಿ ಚೆನ್ನಾಗಿ ಮಲಗುವ ಎಳೆ ಕೂಸುಗಳು ಮಧ್ಯಾಹ್ನದ ಹೊತ್ತು ಹೆಚ್ಚು ಬೆಳಕಿನಲ್ಲಿ ಇದ್ದದ್ದು ಕಂಡುಬಂತು. ನಾವು ಬೆಳಿಗ್ಗೆ ಎಳೆಬಿಸಿಲಿಗೆ ಪಡಸಾಲೆಗೆ ತಂದೆವು, ಹಗಲು ಬೆಳಕಿರುವ ಕಡೆಗೇ ಆಡಲು ಬಿಟ್ಟೆವು. ರಾತ್ರಿ ಝೀರೊ ಬಲ್ಬು ಮಾತ್ರ. ಎದ್ದಾಗ ಮಾತಿಲ್ಲ, ನಗಿಸುವುದಿಲ್ಲ, ಮೊಬೈಲ್ ತೆಗೆಯುವುದಿಲ್ಲ.

ಎರಡನೆಯದು, ಹಗಲಿನ ಹಾಲು. ಎರಡು ಮೂರು ತಾಸಿಗೊಮ್ಮೆ ಒಳಗಿನ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಸಪ್ಪಳ ಇಲ್ಲದ ಕಡೆ ಕುಡಿಸತೊಡಗಿದಳು. ಕೂಸು ಹೊಟ್ಟೆ ತುಂಬ ಕುಡಿಯಿತು.

ಮೂರನೆಯದು, ಮಲಗಿಸುವ ರೀತಿ. ರಾತ್ರಿ ಮೊದಲನೆಯ ನಿದ್ದೆಗೆ ಮಾತ್ರ ಇದನ್ನು ಮಾಡಿದೆವು. ಮೊದಲು ಹಾಲು, ಆಮೇಲೆ ಅರಿವೆ ಬದಲಿಸುವುದು, ಆಮೇಲೆ ಜೋಗುಳ. ಕಣ್ಣು ಭಾರವಾದಾಗ, ಆದರೆ ಪೂರ್ತಿ ಮುಚ್ಚುವ ಮೊದಲು, ತೊಟ್ಟಿಲಿಗೆ ಹಾಕಿ, ತೂಗುವುದನ್ನು ಮೆಲ್ಲಗೆ ನಿಲ್ಲಿಸಿ, ಎದೆಯ ಮೇಲೆ ಕೈ ಇಡುವುದು. ನಿಂತ ತೊಟ್ಟಿಲಿನಲ್ಲಿ ಕಣ್ಣು ಮುಚ್ಚಿದ ಕೂಸಿಗೆ ಸಂದಿಯಲ್ಲಿ ಎದ್ದಾಗ ತೊಟ್ಟಿಲು ನಿಂತದ್ದೇ ಕಾಣುತ್ತದೆ, ಹೊಸದೆನಿಸುವುದಿಲ್ಲ. ಮೊದಲ ನಾಲ್ಕು ದಿನ ಸೋತೆವು. ಅತ್ತರೆ ಎತ್ತಿಕೊಂಡೆವು. ಅಳಲಿಕ್ಕೆ ಬಿಟ್ಟು ಕಲಿಸುವ ವಯಸ್ಸು ಇದಲ್ಲ ಎಂದು ಡಾಕ್ಟರರು ಸ್ಪಷ್ಟ ಹೇಳಿದ್ದರು.

ನಾಲ್ಕನೆಯದು, ತಡೆದು ನೋಡುವುದು. ಚುರುಕು ನಿದ್ದೆಯಲ್ಲಿ ಕೂಸು ಮುಲುಗುತ್ತದೆ ಎಂದೆನಲ್ಲ, ನಾವು ಅದನ್ನೇ ಎಚ್ಚರ ಎಂದು ತಿಳಿದು ಎತ್ತಿ, ಮಲಗಿದ ಕೂಸನ್ನು ಎಬ್ಬಿಸುತ್ತಿದ್ದೆವು. ಈಗ ಕಣ್ಣು ಮುಚ್ಚಿದೆಯೋ ನೋಡಿ, ಒಂದೆರಡು ನಿಮಿಷ ತಡೆದೆವು. ಹಲವು ಸಲ ತಾನೇ ಮಲಗಿತು. ಅಳು ಬಂದರೆ, ಹಾಲು ಕುಡಿದು ಎರಡು ತಾಸು ಆಗಿರದಿದ್ದರೆ ಮೊದಲು ಕೈಯಿಂದ ತಟ್ಟುವುದು. ಎರಡು ತಾಸಿನ ಮೇಲಾಗಿದ್ದರೆ, ಇಲ್ಲವೆ ತಟ್ಟಿದರೂ ನಿಲ್ಲದಿದ್ದರೆ, ಹಾಲು ಕೊಡುವುದು.

ಐದನೆಯದು, ಮನೆಯವರ ಪಾಳಿ. ರಾತ್ರಿ 8 ರಿಂದ 11ರವರೆಗೆ ಕೂಸು ಅಜ್ಜಿಯದು, ತಾಯಿ ಮಲಗಬೇಕು. ಹಾಲಿನ ಸಲುವಾಗಿ ಮಾತ್ರ ಅವಳನ್ನು ಎಬ್ಬಿಸುವುದು. ಬೆಳಗಿನ 5ಕ್ಕೆ ಎದ್ದರೆ ಕೂಸು ನನ್ನದು. ಹೇಗೂ ನಾನು ಆ ಹೊತ್ತಿಗೆ ಎದ್ದಿರುತ್ತೇನೆ. ಗಂಡಸರು ಇದನ್ನು ಸಣ್ಣ ಮಾತೆಂದು ತಿಳಿಯಬಾರದು. ರಾತ್ರಿ ಆರು ಸಲ ಎದ್ದ ತಾಯಿ ಹಗಲು ಒಲೆಯ ಮುಂದೆ ತೂಕಡಿಸುತ್ತಾಳೆ.

ಮೂರು ವಾರದ ಮೇಲಿನ ಒಂದು ರಾತ್ರಿಯ ನೋಂದಣಿ ಓದುತ್ತೇನೆ. ಮಲಗಿದ್ದು 8.00. ಎದ್ದದ್ದು 11.45, 2.40 ಮತ್ತು 5.15. ಆರು ಇದ್ದದ್ದು ಮೂರಾಯಿತು. ಆ ನಡುವೆ ಐದು ಸಲ ಎದ್ದ ರಾತ್ರಿಗಳೂ ಇವೆ, ಅವನ್ನೂ ಬರೆದಿದ್ದೇನೆ. ಇದೆಲ್ಲ ನಮ್ಮ ಉಪಾಯದಿಂದಲೇ ಆಯಿತು ಎಂದು ನಾನು ಹೇಳಲಾರೆ. ಕೂಸು ಬೆಳೆದದ್ದೂ ಅದರಲ್ಲಿ ಸೇರಿದೆ. ಪೂರ್ತಿ ರಾತ್ರಿ ಮಲಗಲಿ ಎಂದು ಆಶಿಸುವುದೂ ತಪ್ಪು. ಈ ವಯಸ್ಸಿಗೆ ರಾತ್ರಿ ಒಂದು, ಎರಡು, ಮೂರು ಸಲ ಹಾಲು ಕುಡಿಯುವುದು ಸಹಜ.

ಆದರೆ ರಾತ್ರಿ ಏಳುವುದೆಲ್ಲ ಪಾಳಿಯ ಲೆಕ್ಕ ಎಂದು ಸುಮ್ಮನೆ ಕೂಡಬಾರದು. ನಿದ್ದೆ ಬದಲಾದ ಕೂಸು ಹಗಲು ನಗುತ್ತದೆ, ಎತ್ತಿಕೊಂಡರೆ ಸುಮ್ಮನಾಗುತ್ತದೆ. ಜ್ವರ ಇದ್ದರೆ, ಎತ್ತಿಕೊಂಡರೂ ಅಳು ನಿಲ್ಲದಿದ್ದರೆ, ಹಾಲು ಹಿಡಿಯದಿದ್ದರೆ, ಉಸಿರಾಟ ಜೋರಾಗಿದ್ದರೆ, ಪದೇ ಪದೇ ವಾಂತಿ ಮಾಡಿದರೆ, ಹಗಲೂ ಮಂಕಾಗಿ ಬಿದ್ದುಕೊಂಡರೆ, ಉಚ್ಚೆ ಕಡಿಮೆಯಾದರೆ, ತೂಕ ನಿಂತರೆ, ಇದು ನಿದ್ದೆಯ ವಿಷಯ ಅಲ್ಲ. ಬೆಳಗಾಗಲಿ ಎನ್ನದೆ ದವಾಖಾನೆಗೆ ಒಯ್ಯಬೇಕು. ಲಸಿಕೆಯ ಜ್ವರ, ನೋವು ಒಂದೆರಡು ದಿನದ್ದು, ವಾರಗಟ್ಟಲೆ ಇರುವುದಿಲ್ಲ. ಹಲ್ಲು ಬರುವುದು ಸಾಮಾನ್ಯವಾಗಿ ಆರು ತಿಂಗಳ ಆಚೀಚೆ.

ಕೊನೆಗೆ ಒಂದು ಮಾತು. ಆಶಾ ತಂಗಿಯರು ಮನೆಗೆ ಬಂದು ಕೂಸು ನೋಡುವುದು 42 ದಿನದವರೆಗೆ, ಆಮೇಲೆ 3ನೆಯ ತಿಂಗಳಿಗೆ, ಆಮೇಲೆ 6ನೆಯ ತಿಂಗಳಿಗೆ. ಲಸಿಕೆ 14 ವಾರಕ್ಕೆ ಮುಗಿದರೆ ಮುಂದಿನದು 9 ತಿಂಗಳಿಗೆ. ನಾಲ್ಕನೆಯ ತಿಂಗಳಿಗೆ ಆಶಾ ಭೇಟಿಯೂ ಇಲ್ಲ, ಲಸಿಕೆಯೂ ಇಲ್ಲ. ಸರಿಯಾಗಿ ಅದೇ ತಿಂಗಳಿಗೆ ನಿದ್ದೆ ಒಡೆಯುತ್ತದೆ, ಅದೇ ತಿಂಗಳಿಗೆ ಹೆಣ್ಣುಮಗಳು ತವರು ಬಿಟ್ಟು ಹೊಸ ಜಾಗಕ್ಕೆ ಹೋಗುತ್ತಾಳೆ, ಅದೇ ತಿಂಗಳಿಗೆ ಬಾಟಲಿ ಮನೆಯೊಳಗೆ ಬರುತ್ತದೆ. ಆದ್ದರಿಂದ ನಾಲ್ಕು ತಿಂಗಳಾದ ಕೂಸನ್ನು ಯಾರೂ ಕರೆಯದಿದ್ದರೂ ಅಂಗನವಾಡಿಗೆ ಒಯ್ದು ಒಮ್ಮೆ ತೂಗಿಸಿರಿ, ಕಾರ್ಡಿನಲ್ಲಿ ಬರೆಸಿರಿ. ಮಗಳನ್ನು ಕಳಿಸುವಾಗ ಉಡಿ ತುಂಬಿ, ಅದರ ಜೊತೆ ಆ ಕಾರ್ಡನ್ನೂ ಬೀಗರ ಕೈಯಲ್ಲಿ ಕೊಡಿರಿ.

ನಾನು ಹಾಗೇ ಮಾಡಿದೆ. ಕಾರ್ಡು ಮತ್ತು ನೋಟ್‌ಬುಕ್ ಎರಡನ್ನೂ ಬೀಗತಿಯವರ ಮುಂದೆ ಇಟ್ಟು, "ಅಕ್ಕಾರ, ತೂಕ ಇಲ್ಲೈತಿ, ನಿದ್ದಿ ಇಲ್ಲೈತಿ, ನೀವ ಲೆಕ್ಕಾ ನೋಡ್ರಿ" ಎಂದೆ. ಅವರು ಅಳಿಯಂದಿರಿಂದ ಓದಿಸಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕಾಲದಾಗ ನನ್ನ ಹಾಲೂ ಸಾಲೂದಿಲ್ಲ ಅಂದಿದ್ರು ಬೀಗರ. ಆವಾಗ ಹಿಂಗ ಬರದಿಟ್ಟವರು ಯಾರೂ ಇರಲಿಲ್ಲ" ಎಂದರು. ಈಗ ಅಲ್ಲಿ ರಾತ್ರಿ ಮೊದಲ ಪಾಳಿ ಅವರದೇ.